ಆರೂಕಾಲಿಗೆ ತಲುಪಿಸುತ್ತೇವೆ

ನನ್ನ ತಂಗಿ ಬರೆದ ಒಂದು ಕಾಗದವನ್ನು ನಾನು ಅವಳಿಗೆ ಹೇಳದೆ ತಿದ್ದಿಸಿದೆ. ತಿದ್ದಿಸಿದ್ದು ಮೊದಲನೆಯ ತಪ್ಪು. ಕೆಲಸ ಕೆಟ್ಟ ಮೇಲೂ ಎರಡು ತಿಂಗಳು ಬಾಯಿ ಬಿಡದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಈಗ ನೆನೆದರೆ ನಗು ಬರುತ್ತದೆ. ಆದರೆ ನಗುವ ಮೊದಲು ಹೇಳಬೇಕಾದದ್ದು ಹೇಳಿಬಿಡುತ್ತೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಉಡುಪಿ ಕಡೆಯಿಂದ ಬಂದು ಹೋಟೆಲು ಸೇರಿದೆ. ಈಗ ನವಿ ಮುಂಬಯಿಯ ಸೀವುಡ್ಸ್‌ನ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಟೇಬಲು ನೋಡಿಕೊಳ್ಳುತ್ತೇನೆ. ಶುರುವಿನಲ್ಲಿ ನನ್ನ ಸೇಟು ಕಲಿಸಿದ ಪಾಠ ಒಂದೇ: ಗಿರಾಕಿ ಬಾಯಿ ತೆರೆಯುವ ಮೊದಲೇ ಸಾರಿ ಹೇಳು, ಆಮೇಲೆ ಅವನು ಬೈಯುವುದಕ್ಕೆ ಏನೂ ಉಳಿಯುವುದಿಲ್ಲ. ಅದು ನನಗೆ ಎಷ್ಟು ಒಗ್ಗಿತೆಂದರೆ ಲೋಕಲ್ ಟ್ರೇನಿನಲ್ಲಿ ನನ್ನ ಕಾಲು ಯಾರಾದರೂ ತುಳಿದರೂ ಸಾರಿ ಹೇಳುವವನು ನಾನೇ.

ತಂಗಿ ಹಾಗಲ್ಲ. ಅವಳು ಬಿ.ಕಾಂ. ಮಾಡಿದವಳು. ಬೇಲಾಪುರದಲ್ಲಿ ಒಂದು ಆಫೀಸಿನಲ್ಲಿ ಇದ್ದಳು. ಆ ಆಫೀಸು ಮುಚ್ಚಿದ ಮೇಲೆ ಘಣಸೋಲಿಯ ನಮ್ಮ ಮನೆಯಲ್ಲೇ ಇಡ್ಲಿ ಮಾಡಿ ಕೊಡಲು ಶುರು ಮಾಡಿದಳು. ಫುಡ್ ಲೈಸೆನ್ಸ್ ತೆಗೆಸಿದಳು. ಹತ್ತಿರದ ಒಂದು ಹಾಸ್ಟೆಲು ದಿನಾ ಅರವತ್ತು ಪ್ಲೇಟ್ ತೆಗೆದುಕೊಳ್ಳುತ್ತಿತ್ತು. ಆ ಹಾಸ್ಟೆಲು ಪನ್ವೇಲ್ ಕಡೆ ಹೋಗುತ್ತದೆಂದು ಗೊತ್ತಾದಾಗ ಬೇರೆ ಕಡೆ ಆರ್ಡರ್ ಹಿಡಿಯಲೇಬೇಕಾಯಿತು. ಸಿಗದಿದ್ದರೆ ಇಡ್ಲಿಯ ಸ್ಟೀಮರ್ ಮಾರಿ ಮತ್ತೆ ಯಾವುದಾದರೂ ಆಫೀಸು ಸೇರುವುದೆಂದು ಅವಳು ಹೇಳಿದ್ದಳು.

ಅವಳು ರಬಾಳೆಯ ಒಂದು ಕಾರ್ಖಾನೆಯ ಗೇಟಿನ ಎದುರು ಎರಡು ದಿನ ಬೆಳಗ್ಗೆ ಸುಮ್ಮನೆ ನಿಂತು ನೋಡಿ ಬಂದಳು. ಮೂರನೆಯ ದಿನ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ನನಗೆ ನೆನಪಿರುವ ಹಾಗೆ ಅದು ಇಷ್ಟು:

"ನಿಮ್ಮ ಫಸ್ಟ್ ಶಿಫ್ಟ್ ಏಳಕ್ಕೆ ಶುರುವಾಗುತ್ತದೆ. ಕ್ಯಾಂಟೀನ್ ತೆರೆಯುವುದು ಒಂಬತ್ತಕ್ಕೆ. ಕೆಲಸಗಾರರು ಗೇಟಿನ ಹೊರಗೆ ಸಿಕ್ಕಿದ್ದನ್ನು ನಿಂತು ತಿಂದು ಒಳಗೆ ಹೋಗುತ್ತಾರೆ. ನಮ್ಮ ಅಡುಗೆಮನೆ ನಿಮ್ಮಿಂದ ಹದಿನೈದು ನಿಮಿಷದ ದಾರಿ. ಆರೂಕಾಲಿಗೆ ಎಂಬತ್ತು ಪ್ಲೇಟ್ ಬಿಸಿ ಇಡ್ಲಿ, ಚಟ್ನಿ ತಲುಪಿಸುತ್ತೇವೆ. ಎರಡು ವರ್ಷದಿಂದ ಒಂದು ಹಾಸ್ಟೆಲಿಗೆ ಕೊಡುತ್ತಿದ್ದೇವೆ, ಒಂದು ದಿನವೂ ತಡವಾಗಿಲ್ಲ. ಅವರ ವಾರ್ಡನ್ ಫೋನ್ ನಂಬರ್, ನಮ್ಮ ಲೈಸೆನ್ಸ್ ನಂಬರ್ ಕೆಳಗಿದೆ. ಸೋಮವಾರದಿಂದ ಒಂದು ವಾರ ನೋಡೋಣವೇ? ಬುಧವಾರ ಹನ್ನೊಂದು ಗಂಟೆಗೆ ಫೋನ್ ಮಾಡುತ್ತೇನೆ."

ನಾನು ಕಾಯುತ್ತಾ ಇದ್ದೆ. ಅವಳು ಓದುವುದನ್ನು ನಿಲ್ಲಿಸಿದಳು.

"ಮುಗಿಯಿತಾ?"

"ಹೌದು. ಎಂತ ಆಯ್ತು?"

"ಒಂದು ಸಾರಿ ಇಲ್ಲ, ಒಂದು ಪ್ಲೀಸ್ ಇಲ್ಲ. ಕಂಪನಿಯವರಿಗೆ ಹೀಗೆ ಬರೆಯುವುದುಂಟಾ ಮಾರಾಯ್ತಿ? ಅವರು ನಮ್ಮ ಅತ್ತೆಮನೆಯವರಾ?"

"ನಾವು ಎಂತ ತಪ್ಪು ಮಾಡಿದ್ದೇವೆ ಅಣ್ಣ, ಸಾರಿ ಹೇಳ್ಲಿಕ್ಕೆ? ನಮ್ಮ ಇಡ್ಲಿ ಮೇಲೆ ನಮಗೇ ಡೌಟು ಇದ್ರೆ ಅವರು ಯಾಕೆ ತಿನ್ಬೇಕು?"

ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಕಾಗದವನ್ನು ಅವಳು ನನ್ನ ಫೋನಿಗೆ ಕಳಿಸಿ, "ಪ್ರಿಂಟ್ ತೆಗೆದು ಸ್ಯಾಂಪಲ್ ಡಬ್ಬಿಯ ಜೊತೆ ಗೇಟಿನಲ್ಲಿ ಕೊಟ್ಟು ಬಾ" ಎಂದಳು.

ಸ್ಟೇಷನ್ ದಾರಿಯಲ್ಲಿ ಒಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಮರಾಠಿ ಕಾಕಾ ಇಪ್ಪತ್ತು ವರ್ಷದಿಂದ ಊರಿನವರಿಗೆಲ್ಲ ರಜೆ ಅರ್ಜಿ, ಬಾಡಿಗೆ ಅಗ್ರಿಮೆಂಟ್ ಟೈಪ್ ಮಾಡಿ ಕೊಡುತ್ತಾರೆ. ನಾನು ಅವರಿಗೆ ಕಾಗದ ತೋರಿಸಿ, "ಕಾಕಾ, ಥೋಡಾ ಸಾರಿ ಡಾಲೋ" ಎಂದೆ. ಸಾರಿಗೆ ಸ್ವಲ್ಪ ಉಪ್ಪು ಹಾಕಿ ಎನ್ನುವ ಹಾಗೆ, ಸ್ವಲ್ಪ ಸಾರಿ ಹಾಕಿ ಅಂತ.

ಕಾಕಾ ಕೈ ಬಿಗಿ ಹಿಡಿಯುವ ಮನುಷ್ಯ ಅಲ್ಲ. ತಮ್ಮ ರಜೆ ಅರ್ಜಿಯಿಂದ ಎತ್ತಿ ಮೇಲೆಯೇ ಹಾಕಿದರು: ನಿಮ್ಮ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ಸಾರಿ. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹೇಳುತ್ತಾ ಹೋದೆ. ನಾವು ತೀರಾ ಸಣ್ಣವರು ಎಂದು ಸೇರಿಸಿ ಕಾಕಾ. ಆರೂಕಾಲಿಗೆ ತಲುಪಿಸುತ್ತೇವೆ ಎನ್ನುವುದು ಜಂಬವಾಯಿತು, ಪ್ರಯತ್ನ ಮಾಡುತ್ತೇವೆ ಎಂದು ಹಾಕಿ. ಬುಧವಾರ ಫೋನ್ ಮಾಡುತ್ತೇನೆ ಎನ್ನುವುದು ಬೆದರಿಕೆಯ ಹಾಗಿದೆ, ನಿಮಗೆ ಪುರುಸೊತ್ತಾದರೆ ಎಂದು ಮಾಡಿ. ಕೊನೆಗೆ, ಏನಾದರೂ ತಪ್ಪಿದ್ದರೆ ಕ್ಷಮಿಸಿ. ಪ್ರಿಂಟ್ ಕೈಗೆ ಬಂದಾಗ ನನಗೆ ಬಹಳ ಸಮಾಧಾನವಾಯಿತು. ಮನೆಯ ಮರ್ಯಾದೆ ಉಳಿಸಿದೆ ಎಂದುಕೊಂಡೇ ರಬಾಳೆಗೆ ಹೋಗಿ ಕೊಟ್ಟು ಬಂದೆ.

ಬುಧವಾರ ತಂಗಿ ಸರಿಯಾಗಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಸದ್ಯಕ್ಕೆ ಬೇಡ" ಎಂದರು. ಅಷ್ಟೇ, ಕಾರಣ ಹೇಳಲಿಲ್ಲ.

ಒಂದು ವಾರ ಕಳೆದು ಸ್ಯಾಂಪಲ್ ಡಬ್ಬಿ ತರಲು ನಾನು ಹೋದೆ. ಅಲ್ಲಿನ ಆಡಳಿತ ನೋಡುವ ಮೇಡಂ ತಾವೇ ಹೊರಗೆ ಬಂದರು. ಡಬ್ಬಿ ತೊಳೆದು ಇಟ್ಟಿದ್ದರು. "ಇಡ್ಲಿ ಏಕ್ದಂ ಮಸ್ತ್ ಥೀ ಭಾವು" ಎಂದರು. ನಾನು ಅಭ್ಯಾಸಬಲದಿಂದ "ಸಾರಿ ಮೇಡಂ" ಎಂದೆ.

ಅವರು ನಕ್ಕರು. "ಇದೇ ನೋಡಿ. ನಿಮ್ಮ ಕಾಗದದಲ್ಲೂ ಬರೀ ಸಾರಿ, ಸಾರಿ. ನಾನು ಓದಿ ಹೆದರಿದೆ. ಹಿಂದೆ ಎಲ್ಲೋ ಯಾರಿಗೋ ಹೊಟ್ಟೆ ಕೆಟ್ಟು ಗಲಾಟೆ ಆಗಿರಬೇಕು, ಅದಕ್ಕೇ ಈ ಮನುಷ್ಯ ಮೊದಲೇ ಮಾಫಿ ಕೇಳ್ತಾನೆ ಅಂತ. ಮತ್ತೆ ಆರೂಕಾಲಿಗೆ ಪ್ರಯತ್ನ ಮಾಡ್ತೀವಿ ಅಂದ್ರೆ ಏನು? ಏಳಕ್ಕೆ ಮಶೀನ್ ಶುರು. ಎಂಬತ್ತು ಜನರನ್ನು ನಿಮ್ಮ ಪ್ರಯತ್ನದ ಮೇಲೆ ನಾನು ನಿಲ್ಲಿಸೋಕಾಗತ್ತಾ?" ಅವರು ಹೇಳಿದ್ದೆಲ್ಲ ಹಿಂದಿಯಲ್ಲಿ. ನನಗೆ ಒಂದೊಂದು ಮಾತೂ ಸರಿಯಾಗಿ ಅರ್ಥವಾಯಿತು.

ಖಾಲಿ ಡಬ್ಬಿ ಹಿಡಿದು ಮನೆಗೆ ಬಂದೆ. "ಮೇಡಂ ಎಂತ ಹೇಳಿದ್ರು?" ಎಂದು ತಂಗಿ ಕೇಳಿದಳು. "ಇಡ್ಲಿ ಒಳ್ಳೇದಿತ್ತಂತೆ" ಎಂದೆ. ದಿನಕ್ಕೆ ಐವತ್ತು ಸಲ ಸಾರಿ ಹೇಳುವ ನನ್ನ ಬಾಯಿಂದ, ನಿಜವಾಗಿ ಬೇಕಾದ ಆ ಒಂದು ಸಲ ಅದು ಬರಲಿಲ್ಲ.

ಎರಡು ತಿಂಗಳಲ್ಲಿ ಹಾಸ್ಟೆಲು ಖಾಲಿಯಾಯಿತು. ಸ್ಟೀಮರ್ ನೋಡಲು ಯಾರೋ ಒಬ್ಬರು ಬಂದೂ ಹೋದರು. ಒಂದು ಬೆಳಗ್ಗೆ ತಂಗಿ, "ಅಣ್ಣ, ಇಡ್ಲಿ ಆರ್ಡರಿಗೆ ಬೇಲಾಪುರದ ಒಂದು ಆಫೀಸಿಗೆ ಬರ್ದಿದ್ದೇನೆ. ಕಡೇ ಕಾಗದ ಇದು. ಓದಿ ನೋಡು" ಎಂದು ನನ್ನ ಫೋನಿಗೆ ಕಳಿಸಿದಳು. ಸೀವುಡ್ಸ್‌ಗೆ ಹೋಗುವ ಟ್ರೇನಿನಲ್ಲಿ ಜನರ ನಡುವೆ ನಿಂತು ಬೆರಳಿಟ್ಟು ಓದಿದೆ. ನನಗೆ ಇಂಗ್ಲಿಷ್ ಬರುವುದು ಕಡಿಮೆ. ಆದರೆ ಸಾರಿ ಎನ್ನುವ ಪದ, ಅದರ ಜೊತೆ ಬರುವ ಪದಗಳು ನನಗೆ ಗೊತ್ತು. ಮೊದಲ ಸಾಲಿನಲ್ಲೇ ಸಾರಿ ಇತ್ತು. ಆಮೇಲೆ ಬಹುಶಃ ಇತ್ತು. ಸಾಧ್ಯವಾದರೆ ಇತ್ತು. ಸಣ್ಣ ಪ್ರಯತ್ನ ಇತ್ತು. ಈ ಸಲ ಕಾಕಾ ಹಾಕಿದ್ದಲ್ಲ, ನಾನು ಹಾಕಿಸಿದ್ದಲ್ಲ. ಎಲ್ಲ ಅವಳದೇ ಕೈ. ಸೀವುಡ್ಸ್ ಬರುವ ಮೊದಲೇ ನನಗೆ ಬೆವರು ಬಂತು.

ಸಂಜೆ ಬಂದವನೇ ಹೇಳಿದೆ: "ಆ ಸಾರಿ ಎಲ್ಲ ತೆಗಿ."

"ನೀನಾ ಹೇಳುವುದು?" ಅವಳು ನಕ್ಕಳು.

"ತೆಗಿ ಮಾರಾಯ್ತಿ. ಬೇಕಾದ್ರೆ ಮೇಲೆ ನವಿ ಮುಂಬಯಿಗೇ ನಂಬರ್ ಒನ್ ಇಡ್ಲಿ ಅಂತ ಹಾಕು."

"ನಿನಗಿರುವುದು ಎರಡೇ ಗೇರು ಅಣ್ಣ. ಒಂದಾ ಕಾಲು ಹಿಡಿಯುವುದು, ಇಲ್ಲದಿದ್ರೆ ತಲೆ ಮೇಲೆ ಕೂರುವುದು. ನಂಬರ್ ಒನ್ ಅಂತ ಯಾರು ಎಣಿಸಿದ್ದು? ಆರೂಕಾಲಿಗೆ ಬರ್ತೇವೆ ಅಂದ್ರೆ ಗಡಿಯಾರ ನೋಡಿ ಹೇಳ್ಬಹುದು. ನಂಬರ್ ಒನ್ ಅಂದ್ರೆ ಎಂತ ನೋಡುವುದು?"

"ಹಾಗಾದ್ರೆ ಮೊದಲಿನ ಹಾಗೇ ಬರಿ."

ಅವಳ ನಗು ನಿಂತಿತು. "ಬರ್ದೆ ಅಲ್ವಾ? ಒಂದು ಸಾರಿ ಇಲ್ಲದೆ ಬರ್ದೆ. ಎಂತ ಆಯ್ತು? ನೀನು ಆಗ ಹೇಳಿದ್ದೇ ಸರಿ. ನನಗೇ ಜಂಬ ಜಾಸ್ತಿಯಾಯ್ತು."

ಅದಕ್ಕೆ ನನ್ನಲ್ಲಿ ಉತ್ತರ ಇತ್ತು, ಒಂದೇ ಒಂದು. ಅದನ್ನು ಹೇಳದೆ ಅವಳ ಕಾಗದದಿಂದ ಆ ಮಾತುಗಳನ್ನು ತೆಗೆಸಲು ಸಾಧ್ಯವಿರಲಿಲ್ಲ. ನಾನು ಶುರು ಮಾಡಿದೆ, ನನ್ನ ರೀತಿಯಲ್ಲೇ. "ಬೇಜಾರು ಮಾಡ್ಬೇಡ, ಒಂದು ಸಣ್ಣ ವಿಷಯ. ರಬಾಳೆಗೆ ಹೋದ ಪ್ರಿಂಟಿನಲ್ಲಿ ಬಹುಶಃ ಸ್ವಲ್ಪ ಸಾರಿ ಎಲ್ಲ ಸೇರಿತ್ತು ಅಂತ ಕಾಣ್ತದೆ. ಮೇಡಂ ಹಾಗೆ ಹೇಳಿದ್ರು. ಆ ಝೆರಾಕ್ಸ್ ಕಾಕಾ ಟೈಪ್ ಮಾಡುವಾಗ ಏನಾದ್ರೂ…"

"ಕಾಕಾ ನನ್ನ ಕಾಗದ ತಿದ್ದಿದ್ನಾ!"

ನಾನು ಮುಂದೆ ಹೇಳುವ ಮೊದಲು ಅವಳು ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿದಾಗಿತ್ತು.

ರಬಾಳೆಯ ಕಥೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸಿಲ್ಲ. ಮರುದಿನವೇ ಅವಳ ಅಸಲು ಕಾಗದ ಆ ಮೇಡಂ ಕೈಗೆ ಹೋಯಿತು, ಒಂದಕ್ಷರ ಹೆಚ್ಚಿಲ್ಲದೆ. ಅವರು ಹಾಸ್ಟೆಲಿನ ವಾರ್ಡನ್‌ಗೆ ಫೋನ್ ಮಾಡಿ ವಿಚಾರಿಸಿ, ಒಂದು ವಾರ ನೋಡುತ್ತೇವೆ ಎಂದರು. ಆ ವಾರ ಇನ್ನೂ ಮುಗಿದಿಲ್ಲ. ಸ್ಟೀಮರ್ ನಮ್ಮ ಮನೆಯಲ್ಲೇ ಇದೆ. ಬೆಳಗ್ಗೆ ಆರೂಕಾಲಿಗೆ ಗೇಟಿನಲ್ಲಿ ಡಬ್ಬಿ ಇಳಿಸುವವನು ನಾನು. ಅಲ್ಲಿ ಸಾರಿ ಹೇಳಕೂಡದೆಂದು ತಂಗಿಯ ಆರ್ಡರು.

ಈಗ ಆ ಸಂಜೆಗೆ ಬರುತ್ತೇನೆ. ನಾನು ಓಡಿ ಅಂಗಡಿ ಮುಟ್ಟುವಾಗ ತಂಗಿ ಫೋನನ್ನು ಕಾಕಾ ಮೂಗಿಗೆ ಹಿಡಿದಿದ್ದಳು. ಝೆರಾಕ್ಸಿಗೆ ಬಂದ ನಾಲ್ಕೈದು ಜನ ತಮ್ಮ ಕೆಲಸ ಮರೆತು ನೋಡುತ್ತಿದ್ದರು.

"ಮೈ ಕ್ಯೂಂ ಡಾಲೂಂಗಾ ದೀದಿ?" ನಾನ್ಯಾಕೆ ಹಾಕಲಿ ಎಂದು ಕಾಕಾ ಎರಡೂ ಕೈ ಎತ್ತಿದರು. ತಮಗೆ ಬರುವ ಇಂಗ್ಲಿಷೇ ರಜೆ ಅರ್ಜಿಯದು, ಅದನ್ನು ಪುಕ್ಕಟೆ ಯಾರಿಗೆ ಹಂಚಲಿ ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನೋಡಿ, ಮತ್ತೇನೂ ಹೇಳದೆ ಪ್ರಿಂಟರಿಗೆ ಕಾಗದ ತುಂಬಿಸತೊಡಗಿದರು. ದೊಡ್ಡ ಮನುಷ್ಯ.

ತಂಗಿ ತಿರುಗಿದಳು. "ಅಣ್ಣ?"

"ಹಾಗಲ್ಲ ಅದು, ಎಂತ ಅಂದ್ರೆ, ಸ್ವಲ್ಪ ನಂದೂ…"

"ಸ್ವಲ್ಪನಾ?"

ನಾನು ಬಾಯಲ್ಲಿದ್ದ ಬಹುಶಃ, ಸಣ್ಣದು, ಬೇಜಾರು ಮಾಡ್ಬೇಡ, ಎಲ್ಲವನ್ನೂ ನುಂಗಿದೆ. ನುಂಗಿದ ಮೇಲೆ ಉಳಿದದ್ದು ಸ್ವಲ್ಪವೇ. ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ನಿನ್ನ ಕಾಗದ ಸರಿಯಾಗಿತ್ತು. ಇಲ್ಲೇ ನಿಂತು ಅದನ್ನು ಕೆಡಿಸಿದ್ದು ನಾನು. ಗೊತ್ತಾದ ಮೇಲೂ ನಿನಗೆ ಹೇಳಲಿಲ್ಲ. ತಪ್ಪಾಯ್ತು ತಂಗಿ."