ಖಾಲಿ ಹೋದ ಅರ್ಜಿ

ಚನ್ನಪಟ್ಟಣದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಜೆರಾಕ್ಸ್, ಟೈಪಿಂಗ್, ಇಂಟರ್‌ನೆಟ್ ಮೂರನ್ನೂ ಸೇರಿಸಿ ನಾನೊಂದು ಅಂಗಡಿ ಇಟ್ಟಿದ್ದ ಕಾಲದ ಮಾತು. ಬಾಯಿ ನನಗೆ ಅಜ್ಜಿಯಿಂದ ಬಂದದ್ದು. ಬಂದವರನ್ನು ಕೂರಿಸಿ, ಮಾತಾಡಿಸಿ, ನಗಿಸಿ ಕಳಿಸುತ್ತಿದ್ದೆ. ಆ ಬಾಯಿಯೇ ಒಬ್ಬ ಹೆಂಗಸನ್ನು ತಲೆ ತಗ್ಗಿಸುವಂತೆ ಮಾಡಿತು ಎಂಬುದನ್ನು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಆಕೆ ಗೊಂಬೆ ಮಾಡುವವರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಹಾಗಾಗಿ ಅಕ್ಕ. ಮನೆಯ ಪಡಸಾಲೆಯಲ್ಲಿ ಕುಳಿತು, ಬಿಲ್ಲಿನ ದಾರ ಎಳೆದೆಳೆದು ತಿರುಗಿಸುವ ಹಳೆಯ ಕೈ ಲೇತ್‌ನಲ್ಲಿ ಹಾಲೆಮರ ಕಡೆದು ಅರಗಿನ ಬಣ್ಣ ಹಾಕುತ್ತಿದ್ದರು. ಎಳೆದೂ ಎಳೆದೂ ಬಲಭುಜ ಮೇಲಕ್ಕೇ ಏಳುತ್ತಿರಲಿಲ್ಲ. ಆ ವರ್ಷ ಊರಾಚೆ ಕರೆಂಟ್ ಲೇತ್‌ಗಳ ಹೊಸ ಶೆಡ್ ಎದ್ದಿತ್ತು. ಅದರಲ್ಲಿ ಒಂದು ಜಾಗ ಸಿಕ್ಕರೆ ಅಕ್ಕನ ಕಸುಬು ಉಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅರ್ಜಿಯನ್ನು ರಾಮನಗರದ ಕಚೇರಿಗೆ ಇ-ಮೇಲ್‌ನಲ್ಲೇ ಕಳಿಸಬೇಕೆಂದು ಮೊದಲ ಸಲ ನಿಯಮ ಮಾಡಿದ್ದರು. ಅವರೇ ಕೊಟ್ಟ ಪಿಡಿಎಫ್ ಫಾರಂನಲ್ಲಿ ಖಾಲಿ ಚೌಕಗಳಿದ್ದವು. ಅದರಲ್ಲೇ ಟೈಪ್ ಮಾಡಿ, ಸೇವ್ ಮಾಡಿ, ಕಳಿಸಬೇಕು.

ಎಲ್ಲರ ಕಂಪ್ಯೂಟರಿನಲ್ಲೂ ಇರುವ ಪಿಡಿಎಫ್ ಸಾಫ್ಟ್‌ವೇರ್‌ನಲ್ಲಿ ಆ ಫಾರಂ ತೆರೆದರೆ ಮೇಲುಗಡೆ ಒಂದು ಸೂಚನೆ ಬರುತ್ತಿತ್ತು: ತುಂಬಿದ್ದನ್ನು ಇಲ್ಲಿ ಸೇವ್ ಮಾಡಲಾಗದು, ಬೇಕಿದ್ದರೆ ಪ್ರಿಂಟ್ ತೆಗೆದುಕೊಳ್ಳಿ. ನಾನು ನಕ್ಕೆ. ನನ್ನ ಹತ್ತಿರ ಗೆಳೆಯನೊಬ್ಬ ಸಿ.ಡಿ.ಯಲ್ಲಿ ಕೊಟ್ಟ ಇನ್ನೊಂದು ಪುಟ್ಟ ಸಾಫ್ಟ್‌ವೇರ್ ಇತ್ತು. ಅದು ಯಾವ ಗೊಣಗಾಟವೂ ಇಲ್ಲದೆ ಸೇವ್ ಮಾಡುತ್ತಿತ್ತು. ಅಕ್ಕನ ಹೆಸರು, ವಿಳಾಸ, ಕಸುಬಿನ ವಿವರ ಎಲ್ಲವನ್ನೂ ತುಂಬಿದೆ. ಮುಚ್ಚಿ ಮತ್ತೆ ತೆರೆದು ತೋರಿಸಿದೆ. ಎಲ್ಲವೂ ಇತ್ತು. ಕಳಿಸಿದೆ.

ವಾರ ಕಳೆದ ಮೇಲೆ ಅಕ್ಕ ಬಂದರು. "ಅಪ್ಪಾ, ಆಫೀಸ್ನಿಂದ ಫೋನ್ ಬಂದಿತ್ತು. ಅರ್ಜಿ ಖಾಲಿ ಬಂದೈತಂತೆ. ಒಂದಕ್ಸರಾನೂ ಇಲ್ವಂತೆ."

ಅಂಗಡಿಯಲ್ಲಿ ಐದಾರು ಜನ ಇದ್ದರು. ಜನ ಇದ್ದರೆ ನನ್ನ ಬಾಯಿಗೆ ಬಲ ಜಾಸ್ತಿ. ಫೈಲು ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದೆ. "ನೋಡಕ್ಕ, ನಿಮ್ಮೆಸ್ರು ಇಲ್ವಾ? ಊರಿಲ್ವಾ? ಖಾಲಿ ಅಂತೆ ಖಾಲಿ! ಬೇರೆ ಯಾರ್ಗೋ ಜಾಗ ಕೊಡೋಕೆ ಆಡ್ತಿರೋ ಆಟ ಇದು. ಹೋಗಿ ದಬಾಯ್ಸಿ ಕೇಳಿ. ಹೆದ್ರುಕೊಂಡ್ರೆ ತಲೆ ಮೇಲೇ ಕೂತ್ಕತಾರೆ."

"ಹಂಗಂತೀಯಾ?"

"ಹಂಗೇ ಅಂತೀನಿ."

ಯಾರೋ "ಸರ್ಯಾಗಿ ಹೇಳ್ದೆ ಕಣ್ಲಾ" ಎಂದರು. ನನಗೆ ಹಿತವಾಯಿತು.

ಅಕ್ಕ ಜಗಳದ ಹೆಂಗಸಲ್ಲ. ಆದರೂ ನನ್ನ ಮಾತು ನಂಬಿ, ಅರ್ಜಿಗೆ ಕೊನೆಯ ದಿನವಾಗಿದ್ದ ಬೆಳಿಗ್ಗೆ ರಾಮನಗರದ ಬಸ್ ಹತ್ತಿದರು. ಮಧ್ಯಾಹ್ನ ಮೂರಕ್ಕೆ ವಾಪಸ್ಸು ಬಂದವರು ಸ್ಟೂಲಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

"ಎಲ್ಲಾರ ಮುಂದೇನೂ ಕೂಗಾಡ್ಬುಟ್ಟೆ ಕಣಪ್ಪ. ಕಳ್ರು ನೀವು ಅಂದ್ಬುಟ್ಟೆ. ಆ ಗುಮಾಸ್ತಪ್ಪ ಕಂಪ್ಯೂಟರ್ ನನ್ ಕಡೆ ತಿರುಗ್ಸಿ, ನೋಡಮ್ಮ ಅಂದ. ಬರೀ ಗೆರೆ ಐತೆ, ಅಕ್ಸರ ಇಲ್ಲ. ಆಮೇಲೆ ಒಂದ್ ಚೌಕದ ಮೇಲೆ ಒತ್ತಿದ. ನನ್ನೆಸ್ರು ಬಂತು! ಪಕ್ಕಕ್ಕೆ ಒತ್ತಿದ, ಹೊಂಟೋಯ್ತು. ಅಲ್ಲಿದ್ದೋರೆಲ್ಲಾ ನಕ್ರು. ಅದೇನಂತ ಅವನ್ಗೂ ತಿಳೀಲಿಲ್ಲ. ಐದು ಗಂಟೆ ಒಳಗೆ ಸರ್ಯಾಗಿ ಕಳ್ಸಿದ್ರೆ ತಗತೀನಿ ಅಂದವ್ನೆ."

ಪೆನ್‌ಡ್ರೈವ್ ಹಿಡಿದು ಪಕ್ಕದ ಫೋಟೋ ಸ್ಟುಡಿಯೋಗೆ ಓಡಿದೆ. ಅಲ್ಲಿನ ಗೆಳೆಯನ ಕಂಪ್ಯೂಟರಿನಲ್ಲಿ ಎಲ್ಲರಲ್ಲೂ ಇರುವ ಸಾಫ್ಟ್‌ವೇರೇ ಇತ್ತು. ತೆರೆದೆವು. ಖಾಲಿ. ಚೌಕದ ಮೇಲೆ ಒತ್ತಿದರೆ ಹೆಸರು, ಆಚೆ ಒತ್ತಿದರೆ ಬಿಳಿ.

"ಏನ್ಲಾ ಇದು, ಮಾಟ ಮಾಡ್ಸಿದ್ದೀಯಾ?" ಎಂದು ಗೆಳೆಯ ನಕ್ಕ. ನನಗೆ ನಗು ಬರಲಿಲ್ಲ.

ಆಗ ಅಂದಾಜಾಯಿತು, ಆಮೇಲೆ ಪೂರ್ತಿ ಅರ್ಥವಾಯಿತು. ಅಂಥ ಫಾರಂನ ಚೌಕದಲ್ಲಿ ಎರಡು ಸಂಗತಿ ಉಳಿಯಬೇಕು: ನಾವು ಟೈಪ್ ಮಾಡಿದ ಅಕ್ಷರ, ಮತ್ತು ಅದು ಪುಟದ ಮೇಲೆ ಹೇಗೆ ಕಾಣಬೇಕೆಂಬ ಚಿತ್ರ. ನನ್ನ ಸಾಫ್ಟ್‌ವೇರ್ ಅಕ್ಷರವನ್ನಷ್ಟೇ ಸೇವ್ ಮಾಡುತ್ತಿತ್ತು. ಚಿತ್ರವನ್ನು ತೆರೆದಾಗಲೆಲ್ಲ ತಾನೇ ಹೊಸದಾಗಿ ಬರೆದುಕೊಳ್ಳುತ್ತಿತ್ತು. ಆಫೀಸಿನದು ಸೇವ್ ಆದ ಚಿತ್ರವನ್ನು ಮಾತ್ರ ತೋರಿಸುವಂಥದ್ದು, ಚಿತ್ರವೇ ಇಲ್ಲದಿದ್ದರೆ ಏನು ತೋರಿಸೀತು? ಚೌಕದ ಮೇಲೆ ಒತ್ತಿ ತಿದ್ದಲು ಹೊರಟಾಗ ಮಾತ್ರ ಒಳಗಿನ ಅಕ್ಷರ ಇಣುಕುತ್ತಿತ್ತು. ನಾನು ಪರದೆ ತಿರುಗಿಸಿ ಮೆರೆದದ್ದು, ಅಕ್ಷರ ಕಾಣುವ ಆ ಒಂದೇ ಸಾಫ್ಟ್‌ವೇರಿನಲ್ಲಿ.

ದಾರಿ ನನ್ನ ಕೈಯಲ್ಲೇ ಇತ್ತು, ಅದು ಇನ್ನೂ ನಾಚಿಕೆಯ ವಿಷಯ. ಲಗ್ನಪತ್ರಿಕೆಗಳನ್ನು ಪ್ರೆಸ್ಸಿಗೆ ಕಳಿಸುವಾಗ ಒಂದು ಸುಳ್ಳು ಪ್ರಿಂಟರ್ ಬಳಸುತ್ತಿದ್ದೆ. ಪ್ರಿಂಟರ್‌ಗಳ ಪಟ್ಟಿಯಲ್ಲಿ ಅದರ ಹೆಸರಿರುತ್ತದೆ, ಯಂತ್ರ ಇರುವುದಿಲ್ಲ. ಪ್ರಿಂಟ್ ಕೊಟ್ಟರೆ ಕಾಗದದ ಬದಲು ಹೊಸದೊಂದು ಪಿಡಿಎಫ್ ಬರುತ್ತದೆ. ಅದರಲ್ಲಿ ಚೌಕವೂ ಅಕ್ಷರವೂ ಬೇರೆ ಬೇರೆ ಅಲ್ಲ, ಎಲ್ಲ ಪುಟಕ್ಕೇ ಅಂಟಿಕೊಂಡಿರುತ್ತದೆ. ಆಮೇಲೆ ತಿದ್ದಲಾಗದು, ಆದರೆ ಎಲ್ಲಿ ತೆರೆದರೂ ಕಾಣುತ್ತದೆ. ಲಗ್ನಪತ್ರಿಕೆಗೆ ಅಷ್ಟು ಜತನ ಮಾಡುತ್ತಿದ್ದವನಿಗೆ ಅರ್ಜಿಗೂ ಅದು ಬೇಕೆಂದು ಹೊಳೆದಿರಲಿಲ್ಲ.

ನನ್ನ ಸಾಫ್ಟ್‌ವೇರಿನಲ್ಲಿ ಫಾರಂ ತೆರೆದೆ. ಒಂದೊಂದೇ ಸಾಲು ಅಕ್ಕನಿಗೆ ಓದಿ ಹೇಳಿದೆ. ಆ ಪ್ರಿಂಟರಿಗೆ ಕೊಟ್ಟು ಹೊಸ ಫೈಲು ಮಾಡಿದೆ. ಸ್ಟುಡಿಯೋದಲ್ಲಿ ತೆರೆದರೆ, ಎಲ್ಲಿ ಒತ್ತಿದರೂ ಅಕ್ಷರ ಅಲ್ಲಾಡಲಿಲ್ಲ. ಕಳಿಸುವಾಗ ನಾಲ್ಕೂವರೆ ದಾಟಿತ್ತು.

"ಫೋನ್ ಮಾಡಿ ಕೇಳ್ಬುಡಪ್ಪ," ಎಂದರು ಅಕ್ಕ. "ಹಂಗೇ, ಬೆಳಿಗ್ಗೆ ನಾನ್ ಕೂಗಾಡಿದ್ದು ಯಾಕೆ ಅಂತಾನೂ ಒಸಿ ಹೇಳು."

ಗುಮಾಸ್ತರು ಫೋನ್ ತೆಗೆದುಕೊಂಡರು. ಈಗ ಎಲ್ಲ ಕಾಣುತ್ತಿದೆ ಎಂದರು. "ಏನಾಗಿತ್ರೀ?" ಎಂದು ಕೇಳಿದರು. ನನ್ನ ಸುತ್ತ ಮತ್ತೆ ನಾಲ್ಕು ಜನ ಗಿರಾಕಿಗಳಿದ್ದರು.

"ಏನಿಲ್ಲ ಸಾರ್, ಸಣ್ಣ ಟೆಕ್ನಿಕಲ್ ಪ್ರಾಬ್ಲಮ್ಮು," ಎಂದೆ. "ಅವ್ರಿಗೂ ಪಾಪ ಗೊತ್ತಾಗ್ದೆ ಗಲಾಟೆ ಮಾಡವ್ರೆ, ಮನಸ್ಸಿಗೆ ಹಚ್ಕೋಬೇಡಿ."

ಅಕ್ಕ ನನ್ನ ಮುಖವನ್ನೇ ನೋಡಿದರು. ಚೀಲ ಎತ್ತಿಕೊಂಡರು. "ಬತ್ತೀನಪ್ಪ," ಎಂದು ಹೊರಟುಹೋದರು.

ಶೆಡ್ಡಿನಲ್ಲಿ ಜಾಗ ಸಿಕ್ಕಿತು. ಆ ಪತ್ರವನ್ನು ಓದಿಸಲು ಅಕ್ಕ ನನ್ನ ಅಂಗಡಿಗೆ ಬರಲಿಲ್ಲ, ಸ್ಟುಡಿಯೋಗೆ ಹೋಗಿದ್ದರಂತೆ. ಅದನ್ನು ಕೇಳಿದ ಮರುದಿನ ಅಂಗಡಿ ಮುಚ್ಚಿ ರಾಮನಗರಕ್ಕೆ ಹೋದೆ. ಗುಮಾಸ್ತರಿಗೆ ನನ್ನ ಗುರುತಿಲ್ಲ. ಅಕ್ಕನ ಅರ್ಜಿ ಎಂದ ಕೂಡಲೇ, "ಓ, ಆ ಗಲಾಟೆ ಅಮ್ಮನಾ?" ಎಂದು ಪಕ್ಕದವರ ಕಡೆ ತಿರುಗಿ ನಕ್ಕರು.

"ಗಲಾಟೆ ಅವ್ರದಲ್ಲ ಸಾರ್. ಖಾಲಿ ಅರ್ಜಿ ಕಳ್ಸಿದ್ದು ನಾನು. ನಿಮ್ಮನ್ನ ಕಳ್ರು ಅಂತ ಹೇಳ್ಕೊಟ್ಟು ಕಳ್ಸಿದ್ದೂ ನಾನೇ."

ಅವರು ನಗು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಫೋನಲ್ಲೇ ಹೇಳ್ಬೇಕಿತ್ತು ಅಲ್ವೇನ್ರೀ? ಆಯಮ್ಮ ಆಗ ಪಕ್ಕದಲ್ಲೇ ಇದ್ರಾ?"

ಇದ್ದರು, ಎಂದೆ. ವಾಪಸ್ಸು ಬರುವಾಗ ಬಸ್ಸಿನಿಂದ ಶೆಡ್ಡಿನ ಹತ್ತಿರ ಇಳಿದುಕೊಂಡೆ. ಒಳಗೆ ಲೇತ್‌ಗಳ ಸದ್ದು ಕೇಳುತ್ತಿತ್ತು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಅಕ್ಕ ಎಲ್ಲಿ ಕೂರುತ್ತಾರೆಂದು ಕೇಳಿಕೊಂಡು ಒಳಗೆ ಹೋದೆ.