ಬೆಳಗಿನ ಬಿಸಿಲು, ಮಧ್ಯಾಹ್ನದ ರೇಟು

ಹುಮನಾಬಾದಿನಲ್ಲಿ ಫ್ಲೆಕ್ಸ್ ಬ್ಯಾನರ್ ಮಾಡಿಕೊಡುವ ಅಂಗಡಿ ನಮ್ಮದು. ಪ್ರಿಂಟಿಂಗ್ ಮಷಿನ್ ಗಂಡನ ಕೈಯಲ್ಲಿ, ಕಂಪ್ಯೂಟರ್ ನನ್ನ ಕೈಯಲ್ಲಿ, ಗಿರಾಕಿಗಳ ಜೊತೆ ಜಗಳವೂ ನನ್ನ ಪಾಲಿಗೇ. ನನ್ನ ಕೆಲಸಕ್ಕೆ ಯಾರಾದರೂ ಕೊಂಕು ತೆಗೆದರೆ ನನಗೆ ತಡೆಯುವುದಿಲ್ಲ. ಹೊಗಳಿದರೆ ಮಾತ್ರ ಎರಡು ದಿನ ಉಬ್ಬಿಕೊಂಡೇ ತಿರುಗುತ್ತೇನೆ.

ದೀಪಾವಳಿ ಹತ್ತಿರ ಬಂದಿತ್ತು. ಬಸವಕಲ್ಯಾಣದ ಸೀರೆ ಅಂಗಡಿಯ ಸಣ್ಣ ಸಾವ್ಕಾರ್ರು ಮಧ್ಯಾಹ್ನ ಫೋನ್ ಮಾಡಿದರು. ಅಣ್ಣತಮ್ಮಂದಿರ ವ್ಯಾಪಾರ ಅದು. ಬಸವಕಲ್ಯಾಣದ ಅಂಗಡಿಯಲ್ಲಿ ತಮ್ಮ, ಹುಮನಾಬಾದಿನ ಅಂಗಡಿಯಲ್ಲಿ ಅಣ್ಣ, ರೇಟು ಅವರವರದು. ಹಬ್ಬದ ಸೀರೆಗೆ 499 ಎಂದು ಬರೆದ ಬ್ಯಾನರನ್ನು ನಾನೇ ಮಾಡಿಕೊಟ್ಟಿದ್ದೆ.

“ಅಕ್ಕಾರ, ಸೀರಿ ಭಾಳ ಜೋರ್ ಹೋಗಾಕತ್ತಾವ. ರೇಟ್ 599 ಮಾಡೋಣು. ಹೊಸ ಬ್ಯಾನರ್ ಪ್ರಿಂಟ್ ಹಾಕಿ ಬಸ್ಸಿನ್ಯಾಗ ಕಳಸ್ರಿ. ಮುಂಜಾನಿ ಅಂಗಡಿ ಮುಂದಿಂದು ಒಂದು ಫೋಟೋ ಹೊಡದೀನಿ, ಅದರಾಗೂ ಈಗಿಂದೀಗ ರೇಟ್ ಬದಲ್ ಮಾಡಿ ಕೊಡ್ರಿ. ಸ್ಟೇಟಸ್‌ಗೆ ಹಾಕ್ತೀನಿ.”

ಫೋಟೋ ಬಂತು. ರಸ್ತೆಯ ಆಚೆ ಬದಿಯಿಂದ, ಒಂದು ಮೂಲೆಯಲ್ಲಿ ನಿಂತು ತೆಗೆದದ್ದು. ಬ್ಯಾನರಿನ ಎಡತುದಿ ಹತ್ತಿರವಾಗಿ ದೊಡ್ಡದು ಕಾಣುತ್ತಿತ್ತು, ಬಲಕ್ಕೆ ಹೋದಂತೆ ಮೇಲಿನ ಅಂಚೂ ಕೆಳಗಿನ ಅಂಚೂ ಒಂದಕ್ಕೊಂದು ಹತ್ತಿರವಾಗುತ್ತಿದ್ದವು. ಅಂಗಡಿ ಪೂರ್ವಕ್ಕೆ ಮುಖ ಮಾಡಿದ್ದರಿಂದ ಬೆಳಗಿನ ಬಿಸಿಲು ಪೂರ್ತಿ ಬಿದ್ದಿತ್ತು. ಬ್ಯಾನರ್ ಮುಂದೆ ಹಾದುಹೋದ ಕರೆಂಟಿನ ವೈರಿನ ನೆರಳು ಸರಿಯಾಗಿ ರೇಟಿನ ಮೇಲೇ ಓರೆಯಾಗಿ ಬಿದ್ದಿತ್ತು. ಬದಲಿಸಬೇಕಾದದ್ದು ಒಂದೇ ಅಂಕಿ, ನಾಲ್ಕು ಹೋಗಿ ಐದು ಬರಬೇಕು.

ಅಂಥ ಫೋಟೋದ ಮೇಲೆ ನೇರವಾಗಿ ಐದು ಬರೆದರೆ ಚೀಟಿ ಅಂಟಿಸಿದಂತೆ ಕಾಣುತ್ತದೆ. ಬರೀ ಓರೆ ಮಾಡಿದರೂ ಸಾಲದು. ಓರೆ ಮಾಡಿದ ಅಂಕಿಯ ಮೇಲ್ತುದಿ ಕೆಳತುದಿ ಸಮಾನಾಂತರವಾಗಿಯೇ ಉಳಿಯುತ್ತವೆ, ದೂರ ಹೋಗುವ ಬ್ಯಾನರಿನಲ್ಲಿ ಅವು ಕೂಡುತ್ತ ಹೋಗಬೇಕು. ಅದಕ್ಕೆ ನಾನು ಬ್ಯಾನರಿನ ನಾಲ್ಕು ಮೂಲೆ ಹಿಡಿದು ಎಳೆದು, ಎದುರಿಗೆ ನಿಂತು ನೋಡಿದಂತೆ ನೆಟ್ಟಗಿನ ಆಯತ ಮಾಡಿಕೊಳ್ಳುತ್ತೇನೆ. ಬ್ಯಾನರ್ ಕಬ್ಬಿಣದ ಚೌಕಟ್ಟಿಗೆ ಬಿಗಿಯಾಗಿತ್ತು, ಹೊಟ್ಟೆ ಬಿಟ್ಟಿರಲಿಲ್ಲ. ಜೋಲು ಬಿದ್ದದ್ದಾಗಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಹತ್ತು ಫೂಟು ಅಗಲ, ನಾಲ್ಕು ಫೂಟು ಎತ್ತರ ಎಂದು ನನಗೆ ಗೊತ್ತಿತ್ತು, ಆಯತವನ್ನೂ ಅದೇ ಅಳತೆಯಲ್ಲಿ ಇಟ್ಟೆ. ಅಳತೆ ತಪ್ಪಿದರೆ ಮರಳಿ ಓರೆ ಮಾಡಿದಾಗ ಹೊಸ ಅಂಕಿ ಒಂದೋ ಸೊರಗುತ್ತದೆ, ಒಂದೋ ಊದುತ್ತದೆ. ನಾಲ್ಕನ್ನು ಸುತ್ತಲಿನ ಕೆಂಪು ಬಣ್ಣದಿಂದ ಮುಚ್ಚಿ, ಅದೇ ಅಕ್ಷರಶೈಲಿಯ ಐದನ್ನು ಕೂರಿಸಿ, ನಾಲ್ಕು ಮೂಲೆಗಳನ್ನು ಫೋಟೋದಲ್ಲಿ ಮೊದಲಿದ್ದ ಜಾಗಕ್ಕೆ ಮರಳಿಸಿದೆ. ವೈರಿನ ನೆರಳನ್ನು ಐದರ ಮೇಲೂ ಹಾಯಿಸಿದೆ. ಉಳಿದ ಫೋಟೋ ಎಷ್ಟು ಮಸುಕಾಗಿತ್ತೋ ಅಂಕಿಯನ್ನೂ ಅಷ್ಟೇ ಮಸುಕು ಮಾಡಿದೆ. ಗಂಡನಿಗೆ ತೋರಿಸಿದರೆ ಯಾವುದು ಬದಲಾಗಿದೆ ಎಂದು ಹುಡುಕುತ್ತ ನಿಂತ. ನನಗೆ ಅಷ್ಟೇ ಬೇಕಾಗಿತ್ತು.

ಸಂಜೆ ಐದರ ಹೊತ್ತಿಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಹೆಣ್ಣುದನಿ. ಅಳುವನ್ನು ನುಂಗಿಕೊಂಡು ಮಾತಾಡುತ್ತಿರುವುದು ತಿಳಿಯುತ್ತಿತ್ತು.

“ಬ್ಯಾನರ್ ಮೂಲ್ಯಾಗ ನಿಮ್ಮ ನಂಬರ್ ಇತ್ತರಿ ಅಕ್ಕಾರ. ನಾ ಇಲ್ಲಿ ಸೀರಿ ಅಂಗಡ್ಯಾಗ ಕೆಲಸ ಮಾಡಾಕಿ. ಮುಂಜಾನಿ ಬ್ಯಾನರ್ ಮ್ಯಾಲ ಎಷ್ಟ್ ರೇಟ್ ಇತ್ತು, ಅಷ್ಟ್ ಹೇಳ್ರಿ ಸಾಕು.”

“499. ಯಾಕವ್ವ?”

ಆಕೆ ಹೇಳಿದ್ದು ಇಷ್ಟು. ಹುಮನಾಬಾದಿನಲ್ಲಿ ಕೂತಿದ್ದ ದೊಡ್ಡ ಸಾವ್ಕಾರ್ರು ತಮ್ಮನ ಸ್ಟೇಟಸ್‌ನಲ್ಲಿ ಫೋಟೋ ನೋಡಿದ್ದರು. ಬೆಳಗಿನ ಬಿಸಿಲು, ಅಂಗಡಿ ಬಾಗಿಲು ಆಗತಾನೆ ತೆಗೆದದ್ದು, ಬ್ಯಾನರಿನ ಮೇಲೆ 599. ಅವರು ಬಸವಕಲ್ಯಾಣಕ್ಕೆ ಬಂದು ನೋಡಿದರೆ ಬೆಳಗಿನ ಬಿಲ್ಲುಗಳೆಲ್ಲ 499ರವು. ಬರೆದವಳು ಈಕೆ. ಗಿರಾಕಿಯಿಂದ 599 ತೆಗೆದುಕೊಂಡು ಬಿಲ್ಲಿನಲ್ಲಿ 499 ಬರೆದಿದ್ದಾಳೆ, ಉಳಿದ ನೂರು ಸೆರಗಿಗೆ ಹೋಗಿದೆ ಎಂದು ಅವರು ಲೆಕ್ಕ ಹಾಕಿದ್ದರು. ತಮ್ಮನಾದವನು ಟೆಂಪೋ ತಗೊಂಡು ಸೊಲ್ಲಾಪುರಕ್ಕೆ ಮಾಲು ತರಲು ಹೋಗಿದ್ದ, ಫೋನ್ ಬಂದ್. ಅಂಗಡಿಯ ಮುಂದೆ ಈಗ ಇದ್ದದ್ದು ಮಧ್ಯಾಹ್ನ ನಾವು ಕಳಿಸಿದ ಹೊಸ ಬ್ಯಾನರ್. ಹಳೆಯದು? ಮಾಲು ಮುಚ್ಚಲು ತಾಡಪತ್ರಿಗೆ ಆಗುತ್ತದೆ ಎಂದು ತಮ್ಮ ಅದನ್ನು ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಹೋಗಿದ್ದ. ನಮ್ಮ ಕಡೆ ಹಳೆ ಫ್ಲೆಕ್ಸನ್ನು ಯಾರೂ ಎಸೆಯುವುದಿಲ್ಲ.

“ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿನ್ಯಾಗ ನನ್ನ ಹೆಸರು ಹಾಕ್ಯಾರ ಅಕ್ಕಾರ. ಈಕಿನ್ನ ಯಾರೂ ಕೆಲಸಕ್ಕ ಇಟ್ಕೋಬ್ಯಾಡ್ರಿ ಅಂತ. ಈಗ ನಮ್ಮ ಮೈದುನಗ ಫೋನ್ ಮಾಡ್ತೀನಿ ಅನ್ನಾಕತ್ತಾರ. ಮನ್ಯಾಗ ಗೊತ್ತಾದ್ರ ನಾ ಮತ್ತ ಹೊಸ್ತಿಲ ದಾಟಂಗಿಲ್ಲ.”

“ಫೋನ್ ಅವರ ಕೈಯಾಗ ಕೊಡು.”

ದೊಡ್ಡ ಸಾವ್ಕಾರ್ರಿಗೆ ಫೋಟೋದ ರೇಟು ನಾನೇ ಬದಲಿಸಿದ್ದೆಂದು ಹೇಳಿದೆ. “ಆಕಿ ಯಾರಿಗರ ಫೋನ್ ಹಚ್ಚಿ ಕೊಟ್ರ ನಾ ನಂಬಬೇಕೇನು?” ಎಂದರು, ಫೋನ್ ಇಟ್ಟರು. ಆಕೆಯಿಂದ ಅವರ ನಂಬರ್ ತಗೊಂಡು ಮೂಲ ಫೋಟೋ ಕಳಿಸಿದೆ. ಅದನ್ನು ನೋಡಿ ಮಾರುತ್ತರ ಬಂತು: “ಈ 499 ಈಗ ಮಾಡಿದ್ದು.”

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ, ಗೊತ್ತಿಲ್ಲದವರಿಗೆ ಖರೆ ಯಾವುದು ಎಂದು ಹೇಳುವ ದಾರಿಯೇ ಇರಲಿಲ್ಲ. ಆ ದಾರಿ ಮುಚ್ಚಲೆಂದೇ ನಾನು ಮಧ್ಯಾಹ್ನವೆಲ್ಲ ಕಣ್ಣು ಕೀಲಿಸಿ ಕೂತಿದ್ದೆ.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಸೀಟು ಸಿಗಲಿಲ್ಲ, ಹಬ್ಬದ ಸಂತೆ ಮುಗಿಸಿಕೊಂಡು ಹೊರಟವರ ಗಂಟುಗಳ ನಡುವೆ ನಿಂತೇ ಹೋದೆ. ದಾರಿಯುದ್ದಕ್ಕೂ ಸಣ್ಣ ಸಾವ್ಕಾರ್ರ ನಂಬರಿಗೆ ಹಚ್ಚುತ್ತಿದ್ದೆ. ಸ್ವಿಚ್ ಆಫ್ ಎಂದೇ ಹೇಳುತ್ತಿತ್ತು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಆಕೆ ಗೋಡೆಗೆ ಆತು ನಿಂತಿದ್ದಳು, ಮೂವತ್ತರ ಆಸುಪಾಸು, ಬಿಗಿಯಾಗಿ ಸೆರಗು ಹೊದ್ದಿದ್ದಳು. ಅಷ್ಟು ಹೊತ್ತಿನಿಂದ ಯಾರೂ ಆಕೆಗೆ ಕೂಡು ಅಂದಿರಲಿಲ್ಲ. ದೊಡ್ಡ ಸಾವ್ಕಾರ್ರು ದುಡ್ಡಿನ ಗಲ್ಲೆಯ ಹಿಂದೆ ಕೂತು ಫೋನಿನಲ್ಲಿ 599ರ ಫೋಟೋವನ್ನು ಬೆರಳಲ್ಲಿ ಅಗಲಿಸಿ ನನ್ನ ಮುಂದೆ ಹಿಡಿದರು.

“ನೋಡವ್ವ. ಬ್ಯಾನರ್ ಹ್ಯಾಂಗ ವಾಲ್ಯಾದ, ಅಂಕಿನೂ ಹಂಗೇ ವಾಲ್ಯಾದ. ವೈರಿನ ನೆರಳು ಸುದ್ದಾ ಅಂಕಿ ಮ್ಯಾಲ ಬಿದ್ದದ. ಇದು ಸುಳ್ಳ ಅಂತೀಯೇನು?”

ಹೊಗಳಿಕೆಯೇ ಅದು. ನನಗೆ ಅಂಥ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ಹೊರಗೆ ತೆಗೆದೆ.

“ಸಾವ್ಕಾರ್ರ, ನಿಮಗ ಬೇಕಾದ ರೇಟ್ ಹೇಳ್ರಿ. ನಿಮ್ಮ ಎದುರಿಗೇ ಹಾಕ್ತೀನಿ.”

ಅವರು ನಕ್ಕರು. “199 ಮಾಡು, ನೋಡೋಣು.”

ಗಲ್ಲೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ನಾಲ್ಕು ಮೂಲೆ ಹಿಡಿದೆ. ಅವಸರದಲ್ಲಿ ಒಂದು ಮೂಲೆ ಚೌಕಟ್ಟಿನ ಹೊರಗೆ ಹೋಗಿ ಅಕ್ಷರಗಳೆಲ್ಲ ಸೊಟ್ಟಗಾದವು. “ಕೆಟ್ಟಿತಲ್ಲ?” ಎಂದರು ಸಾವ್ಕಾರ್ರು. ನಾನು ಮೂಲೆಯನ್ನು ಮರಳಿ ಬ್ಯಾನರಿನ ಅಂಚಿಗೆ ತಂದೆ. ವಾಲಿದ್ದ ಬ್ಯಾನರ್ ಪರದೆಯ ಮೇಲೆ ನೆಟ್ಟಗಾಯಿತು. ಸಾವ್ಕಾರ್ರ ನಗು ಅಲ್ಲಿಗೆ ನಿಂತಿತು. ಮೊದಲ ಅಂಕಿ ಅಳಿಸಿದೆ, ಒಂದರ ಅಂಕಿ ಕೂರಿಸಿದೆ, ಮತ್ತೆ ಓರೆ ಮಾಡಿ ಜಾಗಕ್ಕೆ ಕಳಿಸಿದೆ, ನೆರಳು ಹಾಯಿಸಿದೆ. ಅವರದೇ ಅಂಗಡಿ, ಅದೇ ಬೆಳಗಿನ ಬಿಸಿಲು, ಹಬ್ಬದ ಸೀರೆ 199.

“ಏ, ಏ, ಅಳಸು ಅದನ್ನ!” ಎಂದು ಸಾವ್ಕಾರ್ರು ಬಾಗಿಲ ಕಡೆ ನೋಡಿದರು. “ಯಾರರ ನೋಡಿದ್ರ ಅಂಗಡಿ ಮುಳುಗಿತು!”

ಅಳಿಸಿದೆ. ಅವರು ತಮ್ಮ ಫೋನಿನಲ್ಲಿದ್ದ ಫೋಟೋವನ್ನು ಮತ್ತೊಮ್ಮೆ ನೋಡಿದರು. “ಹಂಗಾದ್ರ ಖರೆ ಯಾವ್ದು?” ಎಂದು ಕೇಳಿದರು.

“ಫೋಟೋ ಹೇಳಂಗಿಲ್ಲರಿ. ಅಲ್ಲಿ ನಿಂತಾಳ, ಆಕಿನ್ನ ಕೇಳ್ರಿ. ಇಷ್ಟೊತ್ತು ಕೇಳಿರೇನು?”

ಅವರು ಆಕೆಯ ಕಡೆ ತಿರುಗಿದರು. ಕೇಳಲು ಬಾಯಿ ತೆರೆದಿದ್ದರೋ ಇಲ್ಲವೋ, ಫೋನ್ ಬಡಿದುಕೊಂಡಿತು. ತಮ್ಮ. ಚಾರ್ಜಿಗೆ ಹಚ್ಚಿ ಆಗತಾನೆ ಫೋನ್ ಚಾಲೂ ಮಾಡಿದ್ದನಂತೆ. ಟೆಂಪೋದ ಸದ್ದಿನ ನಡುವೆ ಅವನ ದನಿ ನಮ್ಮೆಲ್ಲರಿಗೂ ಕೇಳಿಸಿತು. “ಹೌದಣ್ಣ, ಮಧ್ಯಾಹ್ನ ನಾನೇ ರೇಟ್ ಏರಿಸೀನಿ. ನಿಂಗ ಹೇಳೋದು ಮರ್ತೆ. ಯಾಕ, ಏನಾಯ್ತು?”

“ಏನಿಲ್ಲ” ಎಂದು ಅಣ್ಣ ಫೋನ್ ಇಟ್ಟರು. ಆಕೆಯ ಕಡೆ ನೋಡದೆ, “ಹೋಗ್ಲಿ ಬಿಡವ್ವ, ಆಯ್ತು. ನಾಳಿ ಲಗೂ ಬಾ, ಹಬ್ಬದ ಗಿರಾಕಿ ಅದ” ಎಂದರು.

ಮುಗಿಯಿತು ಅಂದುಕೊಂಡೆ. ಲ್ಯಾಪ್‌ಟಾಪ್ ಮುಚ್ಚಿದೆ. ಆಕೆ ಮಾತ್ರ ಅಲುಗಲಿಲ್ಲ.

“ಗ್ರೂಪಿನ್ಯಾಗ ಹಾಕ್ರಿ ಸಾವ್ಕಾರ್ರ.”

“ನಾಳಿ ಹಾಕ್ತೀನಿ.”

“ನನ್ನ ಹೆಸರು ನಾಳಿ ಹಾಕಿರೇನು? ಈಗ ಹಾಕ್ರಿ. ನಾ ಕದ್ದಿಲ್ಲ ಅಂತ ಬರೀರಿ.”

ಅಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದವಳ ದನಿ ಅಷ್ಟು ಗಟ್ಟಿ ಇದ್ದೀತೆಂದು ನಾನು ಅಂದುಕೊಂಡಿರಲಿಲ್ಲ. ಸಾವ್ಕಾರ್ರು ನನ್ನ ಮುಖ ನೋಡಿದರು. ನಾನು ಸಹಾಯ ಮಾಡಲಿಲ್ಲ. ಅವರು ಒಂದೇ ಬೆರಳಲ್ಲಿ ಬರೆದರು, ಅಳಿಸಿದರು, ಮತ್ತೆ ಬರೆದರು: ಫೋಟೋದ ರೇಟು ಕಂಪ್ಯೂಟರಿನಲ್ಲಿ ಬದಲಿಸಿದ್ದು, ತಪ್ಪು ನಮ್ಮದು, ಆ ಹೆಣ್ಣುಮಗಳು ಕದ್ದಿಲ್ಲ. ಖಾತ್ರಿಗೆಂದು ಎರಡೂ ಫೋಟೋ ಜೊತೆಗೆ ಹಾಕಿದರು. ಆಕೆ ಗಲ್ಲೆಯ ಹತ್ತಿರ ಬಂದು, ಅದು ಹೋಗುವ ತನಕ ಫೋನಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಮೂವರೂ ಕಾಯುತ್ತ ನಿಂತೆವು. ಊರಿನ ಅಂಗಡಿಯವರೆಲ್ಲ ಇದ್ದ ಗ್ರೂಪು ಅದು. ಯಾರಾದರೂ ಒಬ್ಬರು, ಪಾಪ ಅಂತಲೋ, ಛೇ ಅಂತಲೋ ಬರೆಯಬಹುದು ಎಂದು ನಾನು ಕಾಯುತ್ತಿದ್ದೆ. ಆಕೆಯೂ ಅದಕ್ಕೇ ಕಾಯುತ್ತಿದ್ದಳು.

ಫೋನ್ ಟಣ್ ಎಂದಿತು. ಸಾವ್ಕಾರ್ರು ಓದಿ ಫೋನ್ ಗಲ್ಲೆಯ ಮೇಲಿಟ್ಟರು. ಆಕೆ ಬಗ್ಗಿ ತಾನೇ ಓದಿದಳು, ಸಾವಕಾಶ, ಒಂದೊಂದೇ ಶಬ್ದ:

“ಭಾರಿ ಕೆಲಸ. ಗುರ್ತೇ ಸಿಗಂಗಿಲ್ಲ. ಇದನ್ನ ಮಾಡಿದವರ ನಂಬರ್ ಕಳಸ್ರಿ, ನಮ್ಮದೂ ಒಂದು ಫೋಟೋ ಅದ.”

ಓದಿ ಮುಗಿಸಿ ಆಕೆ ನನ್ನ ಕಡೆ ನೋಡಿದಳು. “ಕೊಡ್ರಿ ಅಕ್ಕಾರ ನಂಬರ್” ಎಂದಳು. ಆಮೇಲೆ ಬೆಳಗ್ಗೆ ಬಿಚ್ಚಿ ಹರವಿದ್ದ ಸೀರೆಗಳನ್ನು ಒಂದೊಂದಾಗಿ ಮಡಚಲು ಕೂತಳು.