ಎರಡನೆಯ ತಮಟೆ

ನಮ್ಮೂರು ಮಾಗಡಿ ತಾಲ್ಲೂಕು, ಕುದೂರಿನ ಹತ್ತಿರ. ಊರಿಗೆ ಸುದ್ದಿ ಸಾರುವುದು ನಮ್ಮ ಮನೆಯ ಕೆಲಸ. ಅಪ್ಪ ಸತ್ತ ಮೇಲೆ ತಮಟೆ ನನ್ನ ಹೆಗಲಿಗೆ ಬಂತು. ಬೀದಿಯ ಬಾಯಲ್ಲಿ ನಿಂತು ಬಾರಿಸಬೇಕು, ಕೂಗಬೇಕು, ಮುಂದಿನ ಬೀದಿಗೆ ಹೋಗಬೇಕು. ಯಾರ ಮನೆಯ ಜಗಲಿಯನ್ನೂ ನಾವು ಹತ್ತುವ ಹಾಗಿರಲಿಲ್ಲ. ಹತ್ತಿರ ಹೋಗಿ ಹೇಳುವ ದಾರಿಯೇ ಇಲ್ಲದ್ದರಿಂದ ಎಲ್ಲವನ್ನೂ ತಮಟೆಯೇ ಹೇಳಬೇಕಾಗಿತ್ತು.

ಆ ವರ್ಷ ಗುಡ್ಡದ ಬುಡದ ಗೋಮಾಳವನ್ನು ಕಾಡಿನ ಇಲಾಖೆಯವರು ಕಲ್ಲು ನೆಟ್ಟು ಮುಚ್ಚುತ್ತಾರೆ ಎಂದು ಸುದ್ದಿಯಾಯಿತು. ಬೇಡ ಎನ್ನುವವರು ಅಮಲ್ದಾರರ ಎದುರು ನಿಂತು ಹೇಳಬೇಕು. ಯಾರೂ ಬರದಿದ್ದರೆ ತಕರಾರಿಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ನಮಗೆ ಅಂಗೈಯಷ್ಟು ಹೊಲವೂ ಇರಲಿಲ್ಲ. ಅವ್ವನಿಗೆ ಎರಡು ಎಮ್ಮೆ ಇದ್ದವು, ಅವು ಮೇಯುತ್ತಿದ್ದದ್ದು ಅಲ್ಲೇ. ಗೋಮಾಳ ಹೋದರೆ ಎಮ್ಮೆ ಹೋಗುತ್ತದೆ. ಎಮ್ಮೆ ಹೋದರೆ ನಾವು ಏನು ತಿನ್ನುವುದು ಎಂದು ಅವ್ವ ದಿನಾ ಕೇಳುತ್ತಿದ್ದಳು.

ಶುಕ್ರವಾರ ಸಂಜೆ, ದನ ಮನೆಗೆ ಬರುವ ಹೊತ್ತಿಗೆ, ಗೋಮಾಳದ ಹುಣಸೆಮರದ ಹತ್ತಿರ ಸಭೆ ಎಂದು ಮೊದಲು ಸಾರಿದೆ. ಎಲ್ಲರೂ ಕೇಳಿದರು. ಎರಡು ದಿನ ಊರಲ್ಲಿ ಅದೇ ಮಾತು.

ಗುರುವಾರ ಹೊತ್ತು ಇಳಿಯುವಾಗ ಶಾನುಭೋಗರು ಕರೆಸಿದರು. "ಅಮಲ್ದಾರರು ನಾಳೆ ಮಧ್ಯಾಹ್ನವೇ ಕ್ಲೋಸ್‌ಪೇಟೆಗೆ ಹೋಗಬೇಕಂತೆ. ಸಭೆ ಬೆಳಿಗ್ಗೆಗೆ ಬಂದಿದೆ. ಸಾರಿಬಿಡು" ಎಂದು ಒಂದು ಚೀಟಿ ಓದಿದರು. ಸಂಜೆ ಐದು ಗಂಟೆಗೆ ಗೊತ್ತುಮಾಡಿದ್ದ ಸಭೆಯನ್ನು ಕಾರಣಾಂತರದಿಂದ ಬೆಳಿಗ್ಗೆ ಎಂಟು ಗಂಟೆಗೆ ಮಾರ್ಪಡಿಸಲಾಗಿದೆ, ಹೀಗೆ ಏನೋ. ಚೀಟಿಯನ್ನು ಚಾವಡಿಯ ಗೋಡೆಗೆ ಅಂಟಿಸಿದರು. ಅದನ್ನು ಓದಬಲ್ಲವರು ಊರಲ್ಲಿ ನಾಲ್ಕು ಜನ, ಅವರಲ್ಲಿ ಯಾರಿಗೂ ಗೋಮಾಳ ಬೇಕಾಗಿರಲಿಲ್ಲ.

ನಾನು ಅವರು ಹೇಳಿದ ಹಾಗೆಯೇ ಊರೆಲ್ಲ ಕೂಗಿದೆ. ಗಂಟಲು ಹರಿಯಿತು. ವಾಪಸು ಬರುವಾಗ ಬಾವಿಯ ಹತ್ತಿರ ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು.

"ಅದ್ಯಾಕಂತೆ ತಿರ್ಗಾ ಬಾರಿಸ್ದ?"

"ಅದೇ ಕಣಕ್ಕ, ಸಂಜೆ ಸಭೆ. ಮರ್ತೋದಾರು ಅಂತ ಇನ್ನೊಂದ್ಸಲ ಸಾರವ್ನೆ."

ಮುಂದೆ ಅರಳಿಕಟ್ಟೆಯಲ್ಲಿ ಒಬ್ಬ, "ಅಮಲ್ದಾರ್ರು ಬರಕಿಲ್ವಂತಲ್ಲೋ" ಎಂದು ಇನ್ನೊಬ್ಬನಿಗೆ ಹೇಳುತ್ತಿದ್ದ. ಅವನು, "ಬಂದೇ ಬತ್ತಾರಂತೆ ಕಣ್ಲಾ, ಬೆಳಿಗ್ಗೇನೂ ಐತೆ, ಸಂಜೇನೂ ಐತೆ. ಸಂಜೇಗ್ ವೋದ್ರಾಯ್ತು" ಎಂದ.

ಆಗ ತಿಳಿಯಿತು. ಎರಡನೆಯ ತಮಟೆಯನ್ನು ಯಾರೂ ಕೇಳುವುದಿಲ್ಲ. ಸದ್ದು ಅದೇ, ಬಾರಿಸುವವನೂ ಅವನೇ, ಮಾತೂ ಅದೇ ಎಂದುಕೊಂಡು ಒಳಗೇ ಕುಳಿತಿರುತ್ತಾರೆ. ಕೇಳಿದವರಿಗೂ ಮೊದಲು ಸಂಜೆ ಎಂಬುದೇ ಕಿವಿಗೆ ಬಿದ್ದಿತ್ತು, ಯಾಕೆಂದರೆ ಚೀಟಿಯಲ್ಲಿ ಮೊದಲು ಇದ್ದದ್ದು ಸಂಜೆಯೇ.

ಶಾನುಭೋಗರ ಹತ್ತಿರ ಓಡಿದೆ. "ಸ್ವಾಮಿ, ಜನಕ್ಕೆ ತಿಳಿದಿಲ್ಲ."

"ಸಾರಿದೆಯೋ ಇಲ್ಲವೋ?"

"ಸಾರಿದೆ."

"ಮತ್ತೇನು? ನಿನ್ನ ಕೆಲಸ ಮುಗಿಯಿತು."

ಮನೆಗೆ ಬಂದರೆ ಅವ್ವ ಎಮ್ಮೆಯ ಮೈ ತಿಕ್ಕುತ್ತಿದ್ದಳು. ವಿಷಯ ಕೇಳಿ ತಿಕ್ಕುವುದನ್ನು ಬಿಟ್ಟು ಎಮ್ಮೆಯ ಕೊರಳಿಗೆ ಒರಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ತಮಟೆಯನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿಕೊಂಡು ಮತ್ತೆ ಹೊರಟೆ. ದೀಪ ಹಚ್ಚುವ ಹೊತ್ತು.

ಈ ಸಲ ಬಾಯಿ ಬಿಡಲಿಲ್ಲ. ದೊಡ್ಡ ಬೀದಿಯ ಬಾಯಲ್ಲಿ ನಿಂತು ಬಾರಿಸಿದೆ, ಬಾರಿಸಿದೆ, ಬಾರಿಸುತ್ತಲೇ ಇದ್ದೆ. ಮಾತಿಲ್ಲ. ಒಳಗಿದ್ದವರು ಕಾದರು. ಮಾತು ಬರಲಿಲ್ಲ. ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು. ಮುದುಕ ಗೌಡರು ದೊಣ್ಣೆ ಹಿಡಿದುಕೊಂಡೇ ಬಂದರು.

"ಬಾಯ್ ಬಿದ್ದೋಗೈತೇನ್ಲಾ ನಿಂಗೆ? ಯಾರ್ಲಾ ಸತ್ತಿರೋದು?"

"ಯಾರೂ ಸತ್ತಿಲ್ಲ ಬುದ್ಧಿ. ಎಲ್ರೂ ಬರ್ಲಿ, ಏಳ್ತೀನಿ."

"ಏಳೋಕ್ ಮುಂಚೆ ನಿನ್ನ ಬೆನ್ನು ಮುರೀತೀನಿ ನೋಡು."

"ಮುರೀರಿ ಬುದ್ಧಿ, ಕೇಳಿಸ್ಕೊಂಡು ಮುರೀರಿ."

ಜನ ನಕ್ಕರು. ಬೀದಿ ತುಂಬಿತ್ತು. ಚೀಟಿಯ ಮಾತು ಬಿಟ್ಟೆ. ಗಂಟೆಯ ಲೆಕ್ಕವನ್ನೂ ಬಿಟ್ಟೆ, ಗಡಿಯಾರ ಯಾರ ಮನೆಯಲ್ಲಿತ್ತು?

"ನಾಳೆ ದನ ಬಿಡೋ ಹೊತ್ಗೆ ಅಮಲ್ದಾರ್ರು ಹುಣಸೆಮರದ ತಾವ ಬತ್ತಾರೆ. ನಿಮ್ ನಿಮ್ ದನ ಹೊಡ್ಕೊಂಡೇ ಬನ್ನಿ." ಇಷ್ಟು ಹೇಳಿ ಉಸಿರು ತೆಗೆದುಕೊಂಡೆ. "ಸಂಜೆ ಬಂದ್ರೆ ಮರ ಇರ್ತದೆ, ಅಮಲ್ದಾರ್ರು ಇರಾಕಿಲ್ಲ."

ಆಮೇಲೆ ಗೌಡರನ್ನೇ ಕೇಳಿದೆ. "ಯಾವಾಗ ಅಂದೆ ಬುದ್ಧಿ?"

"ನೀನೇ ಏಳ್ಬುಟ್ಟು ನನ್ನೇ ಕೇಳ್ತೀಯೇನ್ಲಾ? ದನ ಬಿಡೋ ಹೊತ್ಗೆ!" ಅವರು ಊರಿಗೇ ಕೇಳುವ ಹಾಗೆ ಕೂಗಿದರು. ನನಗೆ ಬೇಕಾಗಿದ್ದೂ ಅದೇ.

ಹೀಗೆ ಪ್ರತಿ ಬೀದಿಯಲ್ಲೂ ಬೈಸಿಕೊಂಡೆ, ಪ್ರತಿ ಬೀದಿಯಲ್ಲೂ ಯಾರಾದರೂ ಒಬ್ಬರ ಬಾಯಿಂದ ಅದನ್ನೇ ಹೇಳಿಸಿದೆ. ಕೊನೆಗೆ ಗುಡ್ಡದ ಮಗ್ಗುಲಿನ ಕುರುಬರ ಹಟ್ಟಿಗೆ ಹೋದೆ. ಆರೇ ಮನೆ. ಅಲ್ಲಿದ್ದವರಿಗೆಲ್ಲ ಹೇಳಿದೆ. ಹಟ್ಟಿಯ ಯಜಮಾನ ಉಣ್ಣೆ ಮಾರಲು ಕುದೂರಿಗೆ ಹೋಗಿದ್ದ. ಅವನ ಹೆಂಡತಿ, "ಬಂದ್ ಕೂಡ್ಲೇ ಏಳ್ತೀನಿ ಕಣಪ್ಪ" ಎಂದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹುಣಸೆಮರದ ಹತ್ತಿರ ಇದ್ದದ್ದು ನಾನು, ಅವ್ವ, ಎರಡು ಎಮ್ಮೆ. ಅಮಲ್ದಾರರ ಕುದುರೆ ಬಂತು. ಹಿಂದೆ ಶಾನುಭೋಗರು, ಕಾಡಿನ ಗಾರ್ಡು. ಅಮಲ್ದಾರರು ಸುತ್ತ ನೋಡಿದರು.

"ಇಷ್ಟೇ ಜನವೇ?"

"ಸಾರಿಸಿದ್ದೇವೆ ಸ್ವಾಮಿ" ಎಂದರು ಶಾನುಭೋಗರು.

ಅಮಲ್ದಾರರು ಗಡಿಯಾರ ತೆಗೆದು ನೋಡಿದರು. ಅವ್ವ ನನ್ನ ತೋಳು ಹಿಡಿದುಕೊಂಡಳು. ಅಷ್ಟೂ ಬೀದಿಯಲ್ಲಿ ಬೈಸಿಕೊಂಡದ್ದು ಯಾತಕ್ಕೆ ಎಂದು ಅಳು ಬಂತು. ಗಾರ್ಡು ಆಗಲೇ ಕಲ್ಲು ಎಲ್ಲೆಲ್ಲಿ ನೆಡಬೇಕೆಂದು ಕೈ ತೋರಿಸುತ್ತಿದ್ದ.

ಜನ ತಪ್ಪು ತಿಳಿದಿರಲಿಲ್ಲ. ದನ ಬಿಡುವ ಹೊತ್ತು ಎಂದರೆ ಹಾಲು ಕರೆದು, ಕೆರೆಯಲ್ಲಿ ನೀರು ಕುಡಿಸಿ ಆದ ಮೇಲೆ. ಕೆರೆಯ ಏರಿಯ ಮೇಲೆ ಮೊದಲು ಕೊಂಬು ಕಂಡವು, ಆಮೇಲೆ ಜನ. ಊರಿಗೆ ಊರೇ ಬಂತು. ಕುದುರೆ ಬೆದರಿ ಹಿಂದೆ ಸರಿಯಿತು. ಅಮಲ್ದಾರರು ಕಲ್ಲಿನ ಮೇಲೆ ಹತ್ತಿ ನಿಂತರು. ಗೌಡರು ದೊಣ್ಣೆ ಊರಿಕೊಂಡು, "ಇವುಕ್ಕೆಲ್ಲ ಹುಲ್ಲು ನೀವ್ ಕೊಟ್ಟೀರಾ ಸ್ವಾಮಿ?" ಎಂದರು. ಒಬ್ಬೊಬ್ಬರೂ ತಮ್ಮ ದನ ಎಲ್ಲಿ ಮೇಯುತ್ತದೆಂದು ತೋರಿಸಿದರು. ಎಲ್ಲರೂ ತೋರಿಸಿದ್ದು ಕೆಳಗಿನ ಬಯಲನ್ನು. ನಾನೂ ಅದನ್ನೇ ತೋರಿಸಿದೆ.

ಅಮಲ್ದಾರರು ಬರೆದುಕೊಂಡರು. "ಬಯಲಿನಲ್ಲಿ ಕಲ್ಲು ಬೇಡ ಎಂದು ಬರೆಯುತ್ತೇನೆ. ಮೇಲಿನ ಇಳಿಜಾರಿಗೆ ತಕರಾರಿಲ್ಲ, ಅಲ್ಲವೆ?" ಯಾರೂ ಮಾತಾಡಲಿಲ್ಲ. ಕುರುಬರ ಹಟ್ಟಿಯಿಂದ ಬಂದಿದ್ದ ಇಬ್ಬರು ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟೆ.

ಅವ್ವ ಕೇಳಿದಳು, "ಏನಂದ್ರು ಮಗ?"

"ಎಮ್ಮೆ ಉಳೀತು ಕಣವ್ವ."

ಅವಳು ಅಲ್ಲೇ ಕುಳಿತು ಅತ್ತಳು.

ಸಂಜೆ ನಾನು ಮತ್ತೆ ಹುಣಸೆಮರದ ಹತ್ತಿರ ಹೋದೆ. ತಿಳಿಯದೆ ಬರುವವರು ಒಬ್ಬರಾದರೂ ಇರುತ್ತಾರೆ ಎಂದು ಅನ್ನಿಸಿತ್ತು. ಹಟ್ಟಿಯ ಯಜಮಾನ ಕುದೂರಿನಿಂದ ನೇರವಾಗಿ ಅಲ್ಲಿಗೇ ಬಂದಿದ್ದ. ತಲೆಗೆ ಹೊಸ ರುಮಾಲು ಸುತ್ತಿದ್ದ. ಅಮಲ್ದಾರರ ಎದುರು ನಿಲ್ಲಬೇಕಲ್ಲ.

"ಏನಪ್ಪ, ಯಾರೂ ಇಲ್ವಲ್ಲ?" ಎಂದ.

ನಡೆದದ್ದನ್ನು ಹೇಳಿದೆ. ಮೇಲಿನ ಇಳಿಜಾರಿನದನ್ನೂ ಹೇಳಿದೆ. ಅವನ ಕುರಿಗಳು ಮೇಯುತ್ತಿದ್ದದ್ದು ಅಲ್ಲೇ.

"ಬೆಳಿಗ್ಗೆಗೆ ಆಗೈತೆ ಅಂತ ನಂಗ್ಯಾರೂ ಏಳ್ನಿಲ್ವಲ್ಲಪ್ಪ." ಮೇಲಿನ ಇಳಿಜಾರಿನ ಕಡೆ ನೋಡಿದ. "ಇನ್ನೊಂದ್ಸಲ ಬರಕಿಲ್ವಾ ಅವ್ರು?"

"ಇಲ್ಲ ಕಣಣ್ಣ."

ಅವನು ರುಮಾಲು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹಟ್ಟಿಯ ದಾರಿ ಹಿಡಿದ.